ನಾಲ್ಕನೇ ವರ್ಷದ ಕಾರು ವಿಮೆ: 13,718 ರೂಪಾಯಿ ಹೇಗಾಯಿತು?

ಕಾರು ಕೊಂಡು ಮೂರು ವರ್ಷ ತುಂಬಿದಾಗ ಬರುವ ವಿಮೆಯ ಕೊಟೇಶನ್ ಬಹಳ ಮಂದಿಯನ್ನು ಗೊಂದಲಕ್ಕೆ ಕೆಡವುತ್ತದೆ. ಕಾರು ಹಳೆಯದಾಗಿದೆ, ಒಂದು ಕ್ಲೇಮನ್ನೂ ಮಾಡಿಲ್ಲ, ಅಂದ ಮೇಲೆ ಪ್ರೀಮಿಯಂ ಇಳಿಯಬೇಕಲ್ಲವೇ? ಇಳಿಯುವ ಬದಲು ಎರಡು ಮೂರು ಸಾವಿರ ಏರಿರುತ್ತದೆ. ಏಜೆಂಟರನ್ನು ಕೇಳಿದರೆ ‘ಈ ಸಲ ಥರ್ಡ್ ಪಾರ್ಟಿನೂ ಸೇರಿದೆ ಸರ್’ ಎನ್ನುತ್ತಾರೆ. ಉತ್ತರ ಸರಿಯಾದದ್ದೇ. ಆದರೆ ಉಳಿದ ಹತ್ತು ಸಾಲುಗಳು ಏನು, ಯಾವುದು ಯಾವುದರ ಮೇಲೆ ಕೂಡುತ್ತದೆ, ಯಾವುದರಿಂದ ಕಳೆಯುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಹಾಗಾಗಿ ಒಂದೇ ಒಂದು ಕೊಟೇಶನ್ ಹಿಡಿದು ಮೇಲಿನಿಂದ ಕೆಳಗಿನವರೆಗೆ ಲೆಕ್ಕ ಹಾಕಿ ನೋಡೋಣ.

2022ರ ಅಕ್ಟೋಬರಿನಲ್ಲಿ ಕೊಂಡು ಹುಬ್ಬಳ್ಳಿಯಲ್ಲಿ ನೋಂದಣಿ ಮಾಡಿಸಿದ, 1197 ಸಿಸಿಯ ಪೆಟ್ರೋಲ್ ಕಾರು ಎಂದುಕೊಳ್ಳಿ. ಎಕ್ಸ್ ಶೋರೂಂ ಬೆಲೆ 8 ಲಕ್ಷ. ಮಾಲೀಕರು ಆಮೇಲೆ ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದ್ದಾರೆ, ಅದರ ಈಗಿನ ಮೌಲ್ಯ 40 ಸಾವಿರ. ಮೂರು ವರ್ಷ ತುಂಬಿ ನಾಲ್ಕನೆಯದಕ್ಕೆ ಕಾಲಿಟ್ಟ ಕಾರು, ಕ್ಲೇಮ್ ಇಲ್ಲ. ಕೊಟೇಶನ್ನಿನ ಕೊನೆಯಲ್ಲಿ ಕಾಣುವ ಮೊತ್ತ 13,718 ರೂಪಾಯಿ. ಹಿಂದಿನ ವರ್ಷ ಇದೇ ಕಾರಿಗೆ, ಇದೇ ಲೆಕ್ಕದಲ್ಲಿ, ಸುಮಾರು 11,300 ಆಗಿರುತ್ತಿತ್ತು.

ಮೊದಲು ನೋಡಬೇಕಾದ ಸಾಲು ಐಡಿವಿ. ಕಾರು ಕಳುವಾದರೆ ಅಥವಾ ರಿಪೇರಿಗೆ ಬಾರದಷ್ಟು ಜಖಂಗೊಂಡರೆ ಕಂಪನಿ ಕೊಡುವ ಗರಿಷ್ಠ ಮೊತ್ತ ಇದು. ತಯಾರಕರ ಇಂದಿನ ಮಾರಾಟ ಬೆಲೆಯಿಂದ ಸವಕಳಿ ಕಳೆದು ಇದನ್ನು ನಿಗದಿ ಮಾಡುತ್ತಾರೆ. ರಸ್ತೆ ತೆರಿಗೆ, ನೋಂದಣಿ ಶುಲ್ಕ ಇದರಲ್ಲಿ ಸೇರುವುದಿಲ್ಲ. ಸವಕಳಿಗೆ ಒಂದು ಮಾನಕ ಪಟ್ಟಿ ಇದೆ. ಒಂದರಿಂದ ಎರಡು ವರ್ಷದ ಕಾರಿಗೆ ಶೇ 20, ಎರಡರಿಂದ ಮೂರಕ್ಕೆ ಶೇ 30, ಮೂರರಿಂದ ನಾಲ್ಕಕ್ಕೆ ಶೇ 40, ನಾಲ್ಕರಿಂದ ಐದಕ್ಕೆ ಶೇ 50. ಐದು ವರ್ಷ ದಾಟಿದ ಮೇಲೆ ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿಕೊಂಡದ್ದೇ ಬೆಲೆ. ನಮ್ಮ ಕಾರಿನ ಬೆಲೆ ಬದಲಾಗಿಲ್ಲ ಎಂದುಕೊಂಡರೆ 8 ಲಕ್ಷದಲ್ಲಿ ಶೇ 40 ಕಳೆದು ಐಡಿವಿ 4,80,000.

ಈ ಐಡಿವಿಯ ಮೇಲೆ ಒಂದು ದರ ಹಾಕಿದಾಗ ಬರುವುದೇ ಮೂಲ ಪ್ರೀಮಿಯಂ. ನಮ್ಮ ಸ್ವಂತ ಕಾರಿಗೆ ಆಗುವ ಹಾನಿಯ ಭಾಗವಾದ್ದರಿಂದ ಕೊಟೇಶನ್ನಿನಲ್ಲಿ ಇದನ್ನು ‘ಬೇಸಿಕ್ ಓಡಿ’, ಅಂದರೆ ಓನ್ ಡ್ಯಾಮೇಜ್, ಎಂದು ಬರೆದಿರುತ್ತಾರೆ. ಈ ದರ ಮೂರು ಸಂಗತಿಗಳ ಮೇಲೆ ನಿಂತಿದೆ: ಎಂಜಿನ್ ಎಷ್ಟು ಸಿಸಿ, ಕಾರಿಗೆ ಎಷ್ಟು ವಯಸ್ಸು, ನೋಂದಣಿ ಎಲ್ಲಿ ಆಗಿದೆ. 2002ರ ಮೋಟಾರು ವಿಮಾ ದರಪಟ್ಟಿ ದೇಶದ ಖಾಸಗಿ ಕಾರುಗಳಿಗೆ ಎರಡು ವಲಯಗಳನ್ನು ಮಾಡಿತ್ತು. ಬೆಂಗಳೂರು, ಮುಂಬೈ, ಚೆನ್ನೈ, ಹೈದರಾಬಾದ್‌ನಂಥ ಎಂಟು ನಗರಗಳು ‘ಎ’ ವಲಯ, ಉಳಿದದ್ದೆಲ್ಲ ‘ಬಿ’ ವಲಯ. ಹುಬ್ಬಳ್ಳಿ, ಮೈಸೂರು, ಮಂಗಳೂರು ಎಲ್ಲವೂ ‘ಬಿ’. 1000ದಿಂದ 1500 ಸಿಸಿಯ, ಐದು ವರ್ಷದೊಳಗಿನ ಕಾರಿಗೆ ಬೆಂಗಳೂರಿನಲ್ಲಿ ಶೇ 3.283, ಹುಬ್ಬಳ್ಳಿಯಲ್ಲಿ ಶೇ 3.191. 4,80,000ಕ್ಕೆ ಶೇ 3.191 ಹಾಕಿದರೆ 15,317 ರೂಪಾಯಿ.

2007ರ ಜನವರಿಯಿಂದ ಈ ದರಪಟ್ಟಿಯ ಕಟ್ಟುಪಾಡು ಹೋಯಿತು. ಸ್ವಂತ ಹಾನಿಯ ಬೆಲೆಯನ್ನು ಪ್ರತಿ ಕಂಪನಿಯೂ ತಾನೇ ಗೊತ್ತುಮಾಡಬಹುದು. ಆದರೂ ಬಹಳಷ್ಟು ಕೊಟೇಶನ್‌ಗಳು ಹಳೆಯ ದರವನ್ನೇ ಮೊದಲು ಬರೆದು, ಅದರ ಕೆಳಗೆ ದೊಡ್ಡ ರಿಯಾಯಿತಿ ತೋರಿಸುತ್ತವೆ. ಈ ಹಿನ್ನೆಲೆ ಗೊತ್ತಿದ್ದರೆ ‘ಶೇ 60 ರಿಯಾಯಿತಿ’ ಎಂಬ ಸಾಲನ್ನು ಹಬ್ಬದ ಮಾರಾಟದ ಕೊಡುಗೆಯಂತೆ ನೋಡಬೇಕಿಲ್ಲ. ಹಳೆಯ ಪಟ್ಟಿಯ ದರಕ್ಕೂ ಕಂಪನಿ ಈಗ ನಿಮ್ಮ ಕಾರಿಗೆ ಕಟ್ಟಿದ ದರಕ್ಕೂ ಇರುವ ಅಂತರ ಅದು, ಅಷ್ಟೆ.

ರಿಯಾಯಿತಿಗೆ ಮೊದಲು ಹೆಚ್ಚುವರಿ ಹೊರೆ ಕೂಡಬೇಕು. ವಿಮೆಯವರು ಇದನ್ನು ಲೋಡಿಂಗ್ ಎನ್ನುತ್ತಾರೆ. ಸಾಮಾನ್ಯ ಕಾರಿಗಿಂತ ಹೆಚ್ಚಿನ ಅಪಾಯವೋ ಹೆಚ್ಚಿನ ಮೌಲ್ಯವೋ ಇದ್ದರೆ ಅದಕ್ಕೆ ತಕ್ಕಂತೆ ಸೇರುವ ಮೊತ್ತ ಇದು. ನಮ್ಮ ಕಾರಿನ ಸಿಎನ್‌ಜಿ ಕಿಟ್‌ಗೆ ಅದರ ಮೌಲ್ಯದ ಶೇ 4, ಅಂದರೆ 1,600 ರೂಪಾಯಿ. ಬೆಲೆಬಾಳುವ ಮ್ಯೂಸಿಕ್ ಸಿಸ್ಟಂ ಹಾಕಿಸಿ ಅದನ್ನೂ ವಿಮೆಗೆ ಸೇರಿಸಿದ್ದರೆ ಅದಕ್ಕೂ ಇದೇ ಶೇ 4ರ ಲೆಕ್ಕ ನಡೆಯುತ್ತಿತ್ತು. ಈ 1,600 ಉಳಿಸಲು ಕಿಟ್ ಹಾಕಿಸಿದ್ದನ್ನು ಹೇಳದೆ ಬಿಡುವವರು ಇದ್ದಾರೆ. ಇದು ನಿಜಕ್ಕೂ ಅಪಾಯದ ಕೆಲಸ. ಕಿಟ್ ವಿಷಯ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಾಗಿರದಿದ್ದರೆ, ಅಪಘಾತದ ನಂತರ ಬರುವ ಸರ್ವೇಯರ್ ಅದನ್ನೇ ಮೊದಲು ಬರೆದುಕೊಳ್ಳುತ್ತಾರೆ. ಕಿಟ್‌ಗೆ ಪರಿಹಾರ ಸಿಗದಿರುವುದು ಒಂದು ಕಡೆ, ಇಡೀ ಕ್ಲೇಮೇ ತಕರಾರಿಗೆ ಬೀಳುವುದು ಇನ್ನೊಂದು ಕಡೆ.

15,317 ಮತ್ತು 1,600 ಸೇರಿ 16,917 ಆಯಿತು. ಇದರಿಂದ ಕಂಪನಿಯ ಶೇ 60 ರಿಯಾಯಿತಿ 10,150 ಕಳೆದರೆ ಉಳಿಯುವುದು 6,767.

ಲೋಡಿಂಗ್ ಎಲ್ಲ ಸಲವೂ ಹೀಗೆ ತನ್ನದೇ ಸಾಲಿನಲ್ಲಿ ಕಾಣುವುದಿಲ್ಲ. ಹೆಚ್ಚು ಕಳುವಾಗುವ ಮಾಡೆಲ್, ಬಿಡಿಭಾಗ ದುಬಾರಿಯಾದ ಮಾಡೆಲ್, ಹಿಂದಿನ ವರ್ಷ ಕ್ಲೇಮ್ ಮಾಡಿದ ಮಾಲೀಕರು, ಇಂಥ ಕಡೆ ಕಂಪನಿಗಳು ಲೋಡಿಂಗ್ ಎಂದು ಬರೆಯುವ ಬದಲು ರಿಯಾಯಿತಿಯನ್ನು ಕಡಿಮೆ ಮಾಡುವುದು ಸಾಮಾನ್ಯ. ಕಳೆದ ವರ್ಷ ಶೇ 60 ಇದ್ದದ್ದು ಈ ವರ್ಷ ಶೇ 45 ಆಗಿದ್ದರೆ, ಹೆಸರು ಬರೆಯದ ಲೋಡಿಂಗ್ ಅದು. ಹಳೆಯ ಪಾಲಿಸಿಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ. ಕಾರಣ ಕೇಳುವ ಹಕ್ಕು ನಿಮಗಿದೆ, ಕೇಳಿ.

ಈಗ ಎನ್‌ಸಿಬಿ, ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ 20, ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಗೆ ನಿಲ್ಲುತ್ತದೆ. ನಮ್ಮ ಮಾಲೀಕರಿಗೆ ಶೇ 35 ಬರಬೇಕು. ಬಹಳ ಮಂದಿ ಎಡವುವುದು ಇಲ್ಲೇ. ಶೇ 60 ಮತ್ತು ಶೇ 35 ಕೂಡಿಸಿ ಶೇ 95 ಕಡಿತ ಎಂದು ಲೆಕ್ಕ ಹಾಕುತ್ತಾರೆ, ಕೊಟೇಶನ್ ಅದಕ್ಕೆ ಹೊಂದದಿದ್ದಾಗ ಮೋಸ ಎಂದುಕೊಳ್ಳುತ್ತಾರೆ. ಒಂದರ ನಂತರ ಒಂದು ಕಳೆಯುವ ಲೆಕ್ಕ ಇದು. ಮೊದಲ ರಿಯಾಯಿತಿ ಕಳೆದು ಉಳಿದ 6,767ರ ಮೇಲೆ ಮಾತ್ರ ಶೇ 35 ಬೀಳುತ್ತದೆ. ಅದು 2,368. ಕಳೆದ ಮೇಲೆ ಸ್ವಂತ ಹಾನಿಯ ಪ್ರೀಮಿಯಂ 4,399ಕ್ಕೆ ಬಂದು ನಿಂತಿತು.

ಎನ್‌ಸಿಬಿಯ ಬೆಲೆ ತಿಳಿಯಲು ಒಂದು ಸಣ್ಣ ಗೀರನ್ನು ನೆನೆಸಿಕೊಳ್ಳಿ. ಪಾರ್ಕಿಂಗ್‌ನಲ್ಲಿ ಬಂಪರಿಗೆ ತಾಗಿ ಗ್ಯಾರೇಜಿನವರು 3,500 ಕೇಳಿದರು. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ ಸಾವಿರ ರೂಪಾಯಿ ನಮ್ಮದೇ. ಕಂಪನಿಯಿಂದ ಹೆಚ್ಚೆಂದರೆ 2,500 ಸಿಗುತ್ತದೆ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ಬರಬೇಕಿದ್ದ ಶೇ 45 ಬೋನಸ್ ಸೊನ್ನೆಯಾಗುತ್ತದೆ. ಐಡಿವಿ ಇಳಿಯುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ನಮ್ಮ ಕಾರಿಗೆ ಅದು ತೆರಿಗೆ ಸೇರಿ ಮೂರು ಸಾವಿರದ ಆಸುಪಾಸು. ಅದರ ಮರುವರ್ಷ ಶೇ 50 ಇರಬೇಕಾದಲ್ಲಿ ಶೇ 20ರಿಂದ ಮತ್ತೆ ಆರಂಭ. ಇಂಥ ಸಣ್ಣ ಕೆಲಸಕ್ಕೆ ಕೈಯಿಂದ ಕೊಡುವುದೇ ಮೇಲು. ಕ್ಲೇಮ್ ಮಾಡಿದ್ದೂ ಮಾಡಿಲ್ಲ ಎಂದು ಹೇಳಿ ಹೊಸ ಕಂಪನಿಯಲ್ಲಿ ಬೋನಸ್ ಪಡೆಯುವುದು ಇನ್ನೊಂದು ದಾರಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಂಪನಿಗಳು ಒಬ್ಬರಿಂದೊಬ್ಬರು ಕೇಳಿ ತಿಳಿಯುತ್ತವೆ, ಸುಳ್ಳು ಬಯಲಾದರೆ ಸ್ವಂತ ಹಾನಿಯ ಕ್ಲೇಮ್ ತಿರಸ್ಕಾರವಾಗುತ್ತದೆ.

ಪಾಲಿಸಿ ಮುಗಿದು 90 ದಿನ ದಾಟಿದರೂ ಬೋನಸ್ ಹೋಗುತ್ತದೆ. ನವೀಕರಣ ಮರೆತವರಿಗೆ ಆಗುವ ದೊಡ್ಡ ನಷ್ಟ ಇದೇ.

ಇನ್ನು ಆಡ್ ಆನ್‌ಗಳು. ನಮ್ಮ ಕೊಟೇಶನ್ನಿನಲ್ಲಿ ನಾಲ್ಕಿವೆ: ಝೀರೋ ಡೆಪ್ 2,400, ಎಂಜಿನ್ ರಕ್ಷಣೆ 720, ನಟ್ಟು ಬೋಲ್ಟು ಆಯಿಲ್ ಇತ್ಯಾದಿಗೆ ಕನ್ಸ್ಯೂಮಬಲ್ಸ್ 480, ದಾರಿಯಲ್ಲಿ ಕೆಟ್ಟು ನಿಂತರೆ ನೆರವಿಗೆ 150. ಒಟ್ಟು 3,750. ಇವುಗಳ ಬೆಲೆ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ. ಎನ್‌ಸಿಬಿ ಸಾಮಾನ್ಯವಾಗಿ ಇವುಗಳಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಬೋನಸ್ ಏರಿದರೂ ಇವು ಇಳಿಯುವುದಿಲ್ಲ. ಸ್ವಂತ ಹಾನಿಯ 4,399ಕ್ಕೆ ಹೋಲಿಸಿದರೆ ಇವು ಸಣ್ಣ ಮೊತ್ತವೇನೂ ಅಲ್ಲ. ಆದ್ದರಿಂದ ‘ಎಲ್ಲ ಹಾಕಿಬಿಡಿ’ ಎನ್ನುವ ಮೊದಲು ಒಂದೊಂದನ್ನೂ ತೂಗಿ ನೋಡಬೇಕು.

ನನ್ನ ದೃಷ್ಟಿಯಲ್ಲಿ ಈ ವಯಸ್ಸಿನ ಕಾರಿಗೆ ಕೊಟ್ಟ ದುಡ್ಡಿಗೆ ತಕ್ಕದ್ದು ಝೀರೋ ಡೆಪ್. ಬಂಪರ್ ಟು ಬಂಪರ್ ಎಂದೂ ಇದನ್ನು ಕರೆಯುತ್ತಾರೆ. ಕಾರಣ ಇಲ್ಲಿದೆ. ಸಾಮಾನ್ಯ ಪಾಲಿಸಿಯಲ್ಲಿ ಹೊಸ ಬಿಡಿಭಾಗ ಹಾಕಿದಾಗ ಕಂಪನಿ ಹಳೆಯದರ ಸವಕಳಿಯನ್ನು ಕಳೆದು ಕೊಡುತ್ತದೆ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಯಾವ ವಯಸ್ಸಿನ ಕಾರಾದರೂ ಶೇ 50. ಲೋಹದ ಭಾಗಕ್ಕೆ ವಯಸ್ಸಿನ ಪ್ರಕಾರ. ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇ 25. ಗಾಜಿಗೆ ಸವಕಳಿ ಇಲ್ಲ. ಈಗ ಒಂದು ಅಪಘಾತಕ್ಕೆ 30,000ದ ಬಿಲ್ ಬಂತು ಎನ್ನಿ. ಬಂಪರ್, ಗ್ರಿಲ್ ಮುಂತಾದ ಪ್ಲಾಸ್ಟಿಕ್ ಭಾಗ 14,000, ಬಾನೆಟ್ಟಿನ ಲೋಹ 8,000, ಗಾಜು 3,000, ಮಜೂರಿ 5,000. ಪ್ಲಾಸ್ಟಿಕ್‌ನಲ್ಲಿ 7,000, ಲೋಹದಲ್ಲಿ 2,000 ಸವಕಳಿ ಹೋಗಿ, ಕಡ್ಡಾಯದ 1,000 ಕಳೆದು, ಕಂಪನಿ 20,000 ಕೊಡುತ್ತದೆ. ಝೀರೋ ಡೆಪ್ ಇದ್ದರೆ ಆ 9,000 ಉಳಿದು 29,000 ಬರುತ್ತದೆ. ಆ ಸಾವಿರ ಮಾತ್ರ ಆಗಲೂ ನಮ್ಮದೇ. ‘ಝೀರೋ’ ಎಂದರೆ ಕೈಯಿಂದ ಏನೂ ಕೊಡಬೇಕಿಲ್ಲ ಎಂದಲ್ಲ. ವರ್ಷಕ್ಕೆ ಇಷ್ಟೇ ಕ್ಲೇಮ್ ಎಂಬ ಮಿತಿಯೂ ಹಲವು ಪಾಲಿಸಿಗಳಲ್ಲಿ ಇರುತ್ತದೆ. ಐದು ವರ್ಷ ದಾಟಿದ ಕಾರಿಗೆ ಕೆಲವು ಕಂಪನಿಗಳು ಇದನ್ನು ಕೊಡುವುದೇ ಇಲ್ಲ, ಕೊಟ್ಟರೂ ಬೆಲೆ ಏರಿರುತ್ತದೆ.

ಎಂಜಿನ್ ರಕ್ಷಣೆ ಬೇಕೇ ಎಂಬುದು ಕಾರು ಓಡಾಡುವ ಜಾಗದ ಮೇಲೆ ನಿಂತ ಪ್ರಶ್ನೆ. ನೀರು ನಿಂತ ರಸ್ತೆಯಲ್ಲಿ ಎಂಜಿನ್ನಿಗೆ ನೀರು ನುಗ್ಗಿದಾಗ, ಚಾಲಕರು ಮತ್ತೆ ಸ್ಟಾರ್ಟ್ ಮಾಡಿದರೆ ಒಳಗಿನ ಭಾಗಗಳು ಮುರಿಯುತ್ತವೆ. ಪ್ರವಾಹ ಮೂಲ ಪಾಲಿಸಿಯಲ್ಲಿ ಸೇರಿದೆ ನಿಜ, ಆದರೆ ಹೀಗೆ ಮುರಿದ ಎಂಜಿನ್ನನ್ನು ಕಂಪನಿಗಳು ನೇರ ಹಾನಿ ಎಂದು ಒಪ್ಪುವುದಿಲ್ಲ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತ ನೆಲಮಾಳಿಗೆಗಳಲ್ಲೇ ಕಾರುಗಳು ಮುಳುಗಿದ್ದವು. ಅಂಥ ಕಡೆ ವಾಸವಿದ್ದರೆ 720 ಕೊಡುವುದು ಸರಿ. ನೀರು ನಿಲ್ಲದ ಊರಿನಲ್ಲಿ ಓಡಾಡುವವರು ಬಿಡಬಹುದು.

4,399ಕ್ಕೆ 3,750 ಸೇರಿಸಿದರೆ ಸ್ವಂತ ಹಾನಿಯ ಭಾಗ 8,149ಕ್ಕೆ ಮುಗಿಯಿತು.

ಇಲ್ಲಿಗೆ ಬಂತು ಥರ್ಡ್ ಪಾರ್ಟಿ. ನಮ್ಮ ಕಾರಿನಿಂದ ಬೇರೆಯವರಿಗೆ ಆದ ಸಾವು ನೋವು, ಅವರ ಆಸ್ತಿಗೆ ಆದ ನಷ್ಟಕ್ಕೆ ಇರುವ ವಿಮೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಡ್ಡಾಯ. ಇದರ ದರವನ್ನು ಕಂಪನಿ ನಿಗದಿ ಮಾಡುವುದಿಲ್ಲ, ಕೇಂದ್ರ ಸರ್ಕಾರ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1000 ಸಿಸಿವರೆಗಿನ ಕಾರಿಗೆ 2,094, 1500 ಸಿಸಿವರೆಗೆ 3,416, ಅದಕ್ಕೂ ಮೇಲೆ 7,897. ಇಲ್ಲಿನ ಲೆಕ್ಕ ಅದೇ ಪಟ್ಟಿಯದು. ನಮ್ಮ ಕಾರಿಗೆ 3,416, ಸಿಎನ್‌ಜಿಗೆ ಇನ್ನೂ 60 ಸೇರಿ 3,476. ಈ ಭಾಗಕ್ಕೆ ಎನ್‌ಸಿಬಿ ಇಲ್ಲ, ಕಂಪನಿಯ ರಿಯಾಯಿತಿ ಇಲ್ಲ, ಐಡಿವಿ ಹೆಚ್ಚು ಕಡಿಮೆಯಾದರೂ ಬದಲಾಗುವುದಿಲ್ಲ. ಯಾವ ಕಂಪನಿಗೆ ಹೋದರೂ ಒಂದೇ. ಎರಡು ಕೊಟೇಶನ್‌ಗಳಲ್ಲಿ ಈ ಸಾಲು ಬೇರೆ ಬೇರೆ ಇದ್ದರೆ, ಒಂದರಲ್ಲಿ ಸಿಸಿಯೋ ಇಂಧನದ ವಿವರವೋ ತಪ್ಪಾಗಿ ತುಂಬಿದೆ ಎಂದೇ ಅರ್ಥ.

ನಾಲ್ಕನೇ ವರ್ಷದ ಏರಿಕೆಯ ಗುಟ್ಟೂ ಇಲ್ಲೇ ಇದೆ. ಸುಪ್ರೀಂ ಕೋರ್ಟಿನ ಆದೇಶದ ನಂತರ, 2018ರ ಸೆಪ್ಟೆಂಬರಿನಿಂದ, ಹೊಸ ಕಾರು ಕೊಳ್ಳುವಾಗಲೇ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೆ ಕಟ್ಟಬೇಕು; ಬೈಕ್, ಸ್ಕೂಟರ್‌ಗೆ ಐದು ವರ್ಷ. ನಮ್ಮ ಮಾಲೀಕರು 2022ರಲ್ಲಿ ಶೋರೂಮಿನಲ್ಲೇ ತೆರಿಗೆ ಬಿಟ್ಟು 10,640 ಕಟ್ಟಿದ್ದರು, ಆನ್ ರೋಡ್ ಬೆಲೆಯಲ್ಲಿ ಅದು ಕಾಣದೆ ಹೋಯಿತು. ಮುಂದಿನ ಎರಡು ನವೀಕರಣಗಳಲ್ಲಿ ಸ್ವಂತ ಹಾನಿಯ ಭಾಗಕ್ಕೆ ಮಾತ್ರ ದುಡ್ಡು ಕೊಟ್ಟರು. ಈಗ ಆ ಮೂರು ವರ್ಷ ಮುಗಿದು ಮರಳಿ ಕಟ್ಟುವ ಸರದಿ ಬಂದಿದೆ.

ಇದೇ ಭಾಗದಲ್ಲಿ ಮಾಲೀಕ ಚಾಲಕರ ವೈಯಕ್ತಿಕ ಅಪಘಾತ ವಿಮೆಯ ಸಾಲೂ ಬರುತ್ತದೆ, 15 ಲಕ್ಷದ ರಕ್ಷಣೆ. ಇದೂ ಕಡ್ಡಾಯವೇ. ಆದರೆ ಅಷ್ಟೇ ಮೊತ್ತದ ಅಪಘಾತ ವಿಮೆ ಬೇರೆ ಕಡೆ ಇದ್ದರೆ ಅಥವಾ ಇನ್ನೊಂದು ವಾಹನದ ಪಾಲಿಸಿಯಲ್ಲಿ ಈಗಾಗಲೇ ಕಟ್ಟಿದ್ದರೆ ಮತ್ತೆ ಕಟ್ಟಬೇಕಿಲ್ಲ. ಮನೆಯಲ್ಲಿ ಒಬ್ಬರದೇ ಹೆಸರಿನಲ್ಲಿ ಒಂದು ಕಾರು, ಒಂದು ಸ್ಕೂಟರ್ ಇದ್ದು ಎರಡಕ್ಕೂ ಕಟ್ಟುತ್ತಿರುವವರು ಎಷ್ಟೋ ಮಂದಿ. ನಮ್ಮ ಉದಾಹರಣೆಯ ಮಾಲೀಕರಿಗೆ ಬೇರೆ ಅಪಘಾತ ವಿಮೆ ಇರುವುದರಿಂದ ಈ ಸಾಲು ಖಾಲಿ.

8,149 ಮತ್ತು 3,476 ಸೇರಿ 11,625. ಇದರ ಮೇಲೆ ಶೇ 18 ಜಿಎಸ್‌ಟಿ, 2,093. ಒಟ್ಟು 13,718. 2025ರ ಸೆಪ್ಟೆಂಬರ್ 22ರಿಂದ ವಿಮೆಗೆ ಜಿಎಸ್‌ಟಿ ಹೋಯಿತಲ್ಲ ಎಂದು ಕೇಳುವವರಿದ್ದಾರೆ. ಹೋದದ್ದು ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಗೆ. ಕಾರಿನ ವಿಮೆಗೆ ಶೇ 18 ಹಾಗೇ ಇದೆ. ತೆರಿಗೆ ಕೊನೆಯಲ್ಲಿ ಬೀಳುವುದರಿಂದ ತೆರಿಗೆಗೆ ಮುಂಚಿನ ಮೊತ್ತದಲ್ಲಿ ನೂರು ರೂಪಾಯಿ ಕಡಿಮೆಯಾದರೆ ಒಟ್ಟಿನಲ್ಲಿ 118 ಇಳಿಯುತ್ತದೆ.

ಇಷ್ಟು ಬಿಡಿಸಿ ನೋಡಿದ ಮೇಲೆ ಇನ್ನೊಂದು ಕಂಪನಿಯ ಅಗ್ಗದ ಕೊಟೇಶನ್ನನ್ನು ಹೇಗೆ ಓದಬೇಕು ಎಂಬುದು ಸ್ಪಷ್ಟವಾಗುತ್ತದೆ. ಅಲ್ಲಿ ಉಳಿದೆಲ್ಲ ಇದೇ ಇದ್ದು ಒಟ್ಟು 13,130 ಎಂದಿದೆ ಎನ್ನಿ, ಸುಮಾರು 590 ಕಡಿಮೆ. ಐಡಿವಿ ಸಾಲು ನೋಡಿದರೆ 4,80,000 ಇರಬೇಕಾದಲ್ಲಿ 4,20,000 ಇದೆ. ಲೆಕ್ಕ ಹಾಕಿ: 4,20,000ಕ್ಕೆ ಮೂಲ ಪ್ರೀಮಿಯಂ 13,402, ಕಿಟ್ ಸೇರಿ 15,002, ಶೇ 60 ಕಳೆದು 6,001, ಎನ್‌ಸಿಬಿ ಕಳೆದು 3,901. ಮೊದಲಿನ 4,399ಕ್ಕಿಂತ 498 ಕಡಿಮೆ, ತೆರಿಗೆ ಸೇರಿ 588. ಅಂದರೆ ಕಾರು ಕಳುವಾದ ದಿನ 60,000 ಕಡಿಮೆ ಪಡೆಯಲು ಒಪ್ಪಿ ಈ ವರ್ಷ 588 ಉಳಿಸಿದಂತಾಯಿತು. ರಿಯಾಯಿತಿ ದೊಡ್ಡದಾದಷ್ಟೂ ಐಡಿವಿ ಇಳಿಸಿ ಉಳಿಸುವ ಹಣ ಸಣ್ಣದಾಗುತ್ತದೆ, ಕಳೆದುಕೊಳ್ಳುವುದು ಮಾತ್ರ ಅಷ್ಟೇ ಇರುತ್ತದೆ. ಎರಡು ಕೊಟೇಶನ್ ಹೋಲಿಸುವಾಗ ಐಡಿವಿ ಮತ್ತು ಆಡ್ ಆನ್ ಎರಡನ್ನೂ ಸಮ ಮಾಡಿಸಿಕೊಂಡ ಮೇಲೆಯೇ ಒಟ್ಟು ಮೊತ್ತ ನೋಡಬೇಕು.

ಇನ್ನೊಂದು ಬಗೆಯ ಅಗ್ಗದ ಕೊಟೇಶನ್ನಿನಲ್ಲಿ ‘ವಾಲಂಟರಿ ಡಿಡಕ್ಟಿಬಲ್’ ಎಂಬ ಸಾಲು ಇರುತ್ತದೆ. ಕಡ್ಡಾಯದ ಸಾವಿರದ ಜೊತೆಗೆ ಇನ್ನಷ್ಟು ಮೊತ್ತವನ್ನು ಪ್ರತಿ ಕ್ಲೇಮಿನಲ್ಲೂ ನಾವೇ ಭರಿಸುವ ಒಪ್ಪಂದ ಅದು. ಹಳೆಯ ದರಪಟ್ಟಿಯಲ್ಲಿ 2,500 ಒಪ್ಪಿದರೆ ಶೇ 20 ಕಡಿತ, ಆದರೆ 750 ಮೀರುವಂತಿಲ್ಲ ಎಂದಿತ್ತು. ಸಣ್ಣ ಕ್ಲೇಮ್ ಮಾಡುವುದೇ ಇಲ್ಲ ಎಂದು ನಿರ್ಧರಿಸಿದವರಿಗೆ ಇದು ಹೊಂದುತ್ತದೆ. ಗೊತ್ತಿಲ್ಲದೆ ಟಿಕ್ ಆಗಿದ್ದರೆ ಮಾತ್ರ ತೆಗೆಸಿ.

ಹಳೆಯ ಕಾರು ಕೊಳ್ಳುವವರು ಎನ್‌ಸಿಬಿ ಸಾಲನ್ನು ಬೇರೆ ರೀತಿ ಓದಬೇಕು. ಬೋನಸ್ ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ನಮ್ಮ ಹುಬ್ಬಳ್ಳಿಯ ಮಾಲೀಕರು ಈ ಕಾರನ್ನು ಮಾರಿದರೆ, ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆದು ತಮ್ಮ ಶೇ 35 ಅನ್ನು ಮುಂದಿನ ಕಾರಿಗೆ ಒಯ್ಯಬಹುದು. ಆ ಪತ್ರಕ್ಕೆ ಮೂರು ವರ್ಷದ ಅವಧಿ ಇದೆ. ಕೊಂಡವರು ಮಾರಾಟದ 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು, ಉಳಿದ ಅವಧಿಗೆ ಬೋನಸ್ಸಿನ ವ್ಯತ್ಯಾಸವನ್ನೂ ಕಟ್ಟಬೇಕು. ಥರ್ಡ್ ಪಾರ್ಟಿ ಭಾಗ ಕಾನೂನಿನ ಪ್ರಕಾರ ಕಾರಿನ ಜೊತೆಗೇ ಬರುತ್ತದೆ. ಸ್ವಂತ ಹಾನಿಯ ಭಾಗ ಹಾಗಲ್ಲ: ಪಾಲಿಸಿ ಮಾರಿದವರ ಹೆಸರಿನಲ್ಲೇ ಉಳಿದಿರುವಾಗ ಅಪಘಾತವಾದರೆ, ಕೊಂಡವರ ಕೈಗೆ ಬರುವುದು ಗ್ಯಾರೇಜಿನ ಬಿಲ್ ಮಾತ್ರ.